ಚಿನ್ನದ ಗುಂಡಿನ ಸ್ವಂತ ಸುತ್ತು

ಲಂಡನ್ನಿನ ಹೊರವಲಯದ ಕ್ಲಾಪಮ್‌ನಲ್ಲಿದ್ದ ತನ್ನ ಮನೆಯ ತೋಟದ ಕಟ್ಟಡವೊಂದರೊಳಗೆ ಹೆನ್ರಿ ಕ್ಯಾವೆಂಡಿಶ್ 1797ರಲ್ಲಿ ಒಂದು ಮರದ ತೊಲೆಯನ್ನು ತೆಳು ತಂತಿಯಿಂದ ತೂಗುಬಿಟ್ಟ. ಆರು ಅಡಿ ಉದ್ದದ ಆ ತೊಲೆಯ ಎರಡು ತುದಿಗಳಲ್ಲಿ ಒಂದೊಂದು ಸೀಸದ ಗುಂಡು ನೇತಾಡುತ್ತಿತ್ತು. ಒಂದೊಂದರ ವ್ಯಾಸ ಎರಡು ಇಂಚು, ತೂಕ ಮುಕ್ಕಾಲು ಕಿಲೋಗೆ ತುಸು ಕಡಿಮೆ. ಅವುಗಳ ಪಕ್ಕಕ್ಕೆ ತಲಾ 158 ಕಿಲೋ ತೂಗುವ ದೊಡ್ಡ ಸೀಸದ ಗುಂಡುಗಳನ್ನು ತಂದು ನಿಲ್ಲಿಸಿದಾಗ ತೊಲೆ ಬಹಳ ನಿಧಾನವಾಗಿ ಅತ್ತ ಹೊರಳುತ್ತಿತ್ತು. ಗಾಳಿ ಅಲುಗಾಡದಿರಲೆಂದು ಕ್ಯಾವೆಂಡಿಶ್ ಹೊರಗೇ ನಿಂತು, ಗೋಡೆಯಲ್ಲಿ ಕೂರಿಸಿದ ದೂರದರ್ಶಕದಿಂದ ಆ ಹೊರಳನ್ನು ಓದಿಕೊಳ್ಳುತ್ತಿದ್ದ. ಉಪಕರಣದ ಯೋಚನೆ ಅವನದಲ್ಲ, 1793ರಲ್ಲಿ ತೀರಿಕೊಂಡ ಜಾನ್ ಮಿಚೆಲ್‌ನದು. ಉದ್ದೇಶ ಭೂಮಿಯ ಸಾಂದ್ರತೆಯನ್ನು ತಿಳಿಯುವುದು. ಇಂದು ನಾವು ಅದೇ ಪ್ರಯೋಗವನ್ನು ಗುರುತ್ವ ಸ್ಥಿರಾಂಕ Gಯ ಅಳತೆ ಎಂದು ಓದುತ್ತೇವೆ.

ಭೌತಶಾಸ್ತ್ರದ ಪಠ್ಯಪುಸ್ತಕ ತೆರೆದರೆ ಇದೇ ಉಪಕರಣ ಇನ್ನೊಂದು ಮಾರುವೇಷದಲ್ಲಿ ಸಿಗುತ್ತದೆ. ‘ಎರಡು ಘನ ಗೋಳಗಳನ್ನು ಒಂದು ಹಗುರ ಕಡ್ಡಿಯಿಂದ ಜೋಡಿಸಿದೆ. ಕಡ್ಡಿಯ ನಡುವೆ, ಅದಕ್ಕೆ ಲಂಬವಾಗಿ ಹಾಯುವ ಅಕ್ಷದ ಸುತ್ತ ಒಟ್ಟು ಜಡತ್ವ ಭ್ರಾಮಕವೆಷ್ಟು?’ ಮೊಮೆಂಟ್ ಆಫ್ ಇನರ್ಷಿಯಾ ಎಂದು ಕಾಲೇಜಿನಲ್ಲಿ ಕರೆಯುವ ಈ ರಾಶಿ, ಒಂದು ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟ ಎಂಬುದರ ಅಳತೆ. ಉತ್ತರದಲ್ಲಿ ಎರಡು ಪಾಲು ಇರುತ್ತವೆ. ಗುಂಡು ಅಕ್ಷದಿಂದ ದೂರವಿರುವುದರಿಂದ ಬರುವುದು ಒಂದು, ಗುಂಡು ತನ್ನ ಸುತ್ತ ತಾನೂ ತಿರುಗುವುದರಿಂದ ಬರುವುದು ಇನ್ನೊಂದು. ಈ ಎರಡನೆಯದನ್ನು ಸೇರಿಸಲು ಮರೆತ ವಿದ್ಯಾರ್ಥಿಗೆ ಅಂಕ ಹೋಗುತ್ತದೆ. ಕ್ಯಾವೆಂಡಿಶ್ ಮರೆತಿದ್ದರೆ ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನಾದ ನೂರು ವರ್ಷಕ್ಕೆ ಅದೇ ಪ್ರಯೋಗ ಮಾಡಿದ ಇನ್ನೊಬ್ಬ ಮರೆತಿದ್ದರೆ ಅವನ ಇಡೀ ದುಡಿಮೆಯೇ ನೀರುಪಾಲಾಗುತ್ತಿತ್ತು.

ಗುರುತ್ವವನ್ನು ಅಳೆಯುವವನಿಗೆ ತಿರುಗುವ ಜಡತ್ವದ ಗೊಡವೆ ಏಕೆ? ಸೆಳೆತ ಅಷ್ಟು ಸಣ್ಣದು. ಕ್ಯಾವೆಂಡಿಶ್‌ನ ದೊಡ್ಡ ಗುಂಡು ಚಿಕ್ಕದನ್ನು ಎಳೆಯುತ್ತಿದ್ದ ಬಲ ಸುಮಾರು 15 ಮೈಕ್ರೋಗ್ರಾಮ್ ತೂಕಕ್ಕೆ ಸಮ. ಅದನ್ನು ತಂತಿಯ ತಿರುಚುವಿಕೆಯಿಂದ ತೂಗಬೇಕು. ತಂತಿ ಎಷ್ಟು ತಿರುಚಿಕೊಂಡಿತು ಎಂಬುದು ಕಣ್ಣಿಗೆ ಕಾಣುತ್ತದೆ, ಆದರೆ ಅಷ್ಟು ತಿರುಚಲು ಎಷ್ಟು ಬಲ ಬೇಕು ಎಂಬುದು, ಅಂದರೆ ತಂತಿಯ ಬಿಗಿತ, ಕಾಣುವುದಿಲ್ಲ. ಅಷ್ಟು ಸೂಕ್ಷ್ಮ ಬಿಗಿತವನ್ನು ನೇರವಾಗಿ ಅಳೆಯುವ ತಕ್ಕಡಿ ಎಲ್ಲಿದೆ? ಹಾಗಾಗಿ ಸುತ್ತುದಾರಿ ಹಿಡಿಯಬೇಕು. ತೊಲೆಯನ್ನು ಮೆಲ್ಲಗೆ ತೂಗಾಡಲು ಬಿಟ್ಟು ಒಂದು ಹೋಗಿಬರುವಿಕೆಗೆ ಹಿಡಿಯುವ ಹೊತ್ತನ್ನು ಗಡಿಯಾರದಲ್ಲಿ ನೋಡಿಕೊಳ್ಳುವುದು. ತಂತಿಯ ಬಿಗಿತ κ, ಜಡತ್ವ ಭ್ರಾಮಕ I, ಅವಧಿ T ಎಂದಾದರೆ

κ = 4π² I / T²

ಗಡಿಯಾರ T ಕೊಡುತ್ತದೆ. I ಮಾತ್ರ ಲೆಕ್ಕ ಹಾಕಿಯೇ ಬರಬೇಕು. I ನೂರಕ್ಕೆ ಒಂದು ಪಾಲು ತಪ್ಪಿದರೆ κ ಅಷ್ಟೇ ತಪ್ಪುತ್ತದೆ, ಬಲ ಅಷ್ಟೇ ತಪ್ಪುತ್ತದೆ, G ಕೂಡ ಅಷ್ಟೇ ತಪ್ಪುತ್ತದೆ. ನಡುವೆ ಎಲ್ಲಿಯೂ ಈ ತಪ್ಪು ಕರಗುವುದಿಲ್ಲ. ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಂತೆ ಕಾಣುವ ಲೆಕ್ಕಕ್ಕೆ ಇಲ್ಲಿ ಇಷ್ಟು ತೂಕ.

ಈಗ ಲೆಕ್ಕಕ್ಕೆ ಬರೋಣ. ಗುಂಡಿನ ದ್ರವ್ಯರಾಶಿ m, ತ್ರಿಜ್ಯ r, ಅಕ್ಷದಿಂದ ಗುಂಡಿನ ಕೇಂದ್ರಕ್ಕೆ ಇರುವ ದೂರ d ಎಂದಿಟ್ಟುಕೊಳ್ಳಿ. ಗುಂಡನ್ನು ಸಣ್ಣ ಸಣ್ಣ ಕಣಗಳಾಗಿ ಒಡೆದು, ಪ್ರತಿ ಕಣಕ್ಕೂ ಅಕ್ಷದಿಂದ ಅದರ ದೂರದ ವರ್ಗವನ್ನು ಹಿಡಿದು ಕೂಡಬೇಕು. ಒಂದು ಕಣ ಗುಂಡಿನ ಕೇಂದ್ರದಿಂದ ಕಡ್ಡಿಯ ನೇರಕ್ಕೆ x, ಅಡ್ಡಕ್ಕೆ y ದೂರದಲ್ಲಿದ್ದರೆ, ಅಕ್ಷದಿಂದ ಅದರ ದೂರದ ವರ್ಗ (d + x)² + y². ಇದನ್ನು ಬಿಡಿಸಿದರೆ d² + 2dx + (x² + y²). ನಡುವಿನ 2dx ಇದೆಯಲ್ಲ, ಗುಂಡಿನ ಹೊರಮೈ ಕಡೆಗಿರುವ ಪ್ರತಿ ಕಣಕ್ಕೂ ಒಳಮೈ ಕಡೆ ಒಂದು ಜೊತೆ ಕಣ ಇರುವುದರಿಂದ ಅದು ಪೂರ್ತಿ ವಜಾ ಆಗುತ್ತದೆ. ಉಳಿಯುವುದು ಎರಡು. d² ಎಲ್ಲ ಕಣಗಳಿಗೂ ಒಂದೇ, ಆದ್ದರಿಂದ md². ಇನ್ನು x² + y² ಎಂಬುದು ಗುಂಡು ತನ್ನ ಕೇಂದ್ರದ ಮೂಲಕ ಹಾಯುವ ಅಕ್ಷದ ಸುತ್ತಲೇ ತಿರುಗಿದ್ದರೆ ಬರುತ್ತಿದ್ದ ಮೊತ್ತ. ಸಮಾಂತರ ಅಕ್ಷ ಪ್ರಮೇಯ ಅನ್ನುವುದು ಇದನ್ನೇ.

ಆ ಎರಡನೆಯ ಮೊತ್ತ ⅖mr² ಎಂದು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಎರಡು–ಐದು ಎಲ್ಲಿಂದ ಬಂತು ಎಂದು ಕೇಳಿದರೆ ಬಹಳ ಮಂದಿ ತಡವರಿಸುತ್ತಾರೆ. ನಿಜಕ್ಕೆ ಅದು ಎರಡು ಸಾಲಿನ ಮಾತು. ಗುಂಡನ್ನು ಈರುಳ್ಳಿಯಂತೆ ಪದರಗಳಾಗಿ ನೋಡಿದರೆ, ಕೇಂದ್ರದಿಂದ ಹೊರಗೆ ಹೋದಂತೆ ಪದರದಲ್ಲಿರುವ ಸರಕು ದೂರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ ಕೇಂದ್ರದಿಂದ ಕಣಗಳಿಗಿರುವ ದೂರದ ವರ್ಗದ ಸರಾಸರಿ r⁵/5 ಅನ್ನು r³/3ರಿಂದ ಭಾಗಿಸಿದಷ್ಟು, ಅಂದರೆ ⅗r². ಈ ಸರಾಸರಿಗೆ x², y², z² ಮೂರೂ ಸಮಪಾಲು ಕೊಡುತ್ತವೆ, ಏಕೆಂದರೆ ಗುಂಡಿಗೆ ಎಲ್ಲ ದಿಕ್ಕೂ ಒಂದೇ. ನಮಗೆ ಬೇಕಾದದ್ದು x² ಮತ್ತು y² ಮಾತ್ರ, ಲಂಬದ z² ಬೇಡ. ಮೂರರಲ್ಲಿ ಎರಡು ಪಾಲು, ಅಂದರೆ ⅖r². ಎರಡೂ ಗುಂಡುಗಳು ಒಂದೇ ಬಗೆಯವಾದರೆ

I = 2(md² + ⅖mr²)

ಇಲ್ಲಿ ಒಂದು ಅನುಮಾನ ಏಳಬೇಕು, ಏಳದಿದ್ದರೆ ಸೂತ್ರ ಸುಮ್ಮನೆ ಗಂಟಲಿಗಿಳಿದಿದೆ ಎಂದರ್ಥ. ಕಡ್ಡಿಗೆ ಅಂಟಿಸಿದ ಗುಂಡು ತನ್ನ ಸುತ್ತ ತಾನು ತಿರುಗುತ್ತಿದೆ ಎಂದು ಹೇಳುವುದು ಹೇಗೆ? ಯಾರೂ ಅದನ್ನು ಬುಗುರಿಯ ಹಾಗೆ ಆಡಿಸುತ್ತಿಲ್ಲವಲ್ಲ? ಜಾತ್ರೆಯ ಜಯಂಟ್ ವ್ಹೀಲ್ ನೆನಪಿಸಿಕೊಳ್ಳಿ. ಅದರ ತೊಟ್ಟಿಲುಗಳನ್ನು ಕೀಲಿನಿಂದ ತೂಗುಬಿಟ್ಟಿರುವುದರಿಂದ ಚಕ್ರ ಒಂದು ಸುತ್ತು ಹಾಕಿದರೂ ಒಳಗೆ ಕೂತವರ ತಲೆ ಮೇಲೆಯೇ ಇರುತ್ತದೆ. ತೊಟ್ಟಿಲು ಜಾಗ ಬದಲಿಸಿತೇ ಹೊರತು ಹೊರಳಲಿಲ್ಲ. ಅದೇ ತೊಟ್ಟಿಲನ್ನು ಚಕ್ರಕ್ಕೆ ವೆಲ್ಡ್ ಮಾಡಿದ್ದರೆ ಕೂತವರು ತಲೆಕೆಳಗಾಗಿ ಮತ್ತೆ ನೆಟ್ಟಗಾಗುತ್ತಿದ್ದರು. ಚಕ್ರ ಒಂದು ಸುತ್ತು ತಿರುಗಿದರೆ ತೊಟ್ಟಿಲೂ ಒಂದು ಸುತ್ತು. ನಮ್ಮ ಗುಂಡು ವೆಲ್ಡ್ ಮಾಡಿದ ತೊಟ್ಟಿಲು. ಕಡ್ಡಿ ಹತ್ತು ಡಿಗ್ರಿ ತಿರುಗಿದರೆ ಗುಂಡಿನ ಮೇಲೆ ಬರೆದ ಗೆರೆಯೂ ಹತ್ತು ಡಿಗ್ರಿ ತಿರುಗಿರುತ್ತದೆ. ಗುಂಡನ್ನು ತಿಕ್ಕಾಟವಿಲ್ಲದ ಬೇರಿಂಗಿನ ಮೇಲೆ ಕೂರಿಸಿದ್ದರೆ ಗೆರೆ ಮೊದಲಿನ ದಿಕ್ಕಿಗೇ ನೋಡುತ್ತಿತ್ತು, ಆಗ ⅖mr² ಪಾಲನ್ನು ಸೇರಿಸುವುದೇ ತಪ್ಪಾಗುತ್ತಿತ್ತು. ಸೇರಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಸೂತ್ರವಲ್ಲ, ಜೋಡಣೆ.

ಕ್ಯಾವೆಂಡಿಶ್‌ನ ಗುಂಡುಗಳು ತೊಲೆಗೆ ಅಂಟಿರಲಿಲ್ಲ, ತುದಿಯಿಂದ ತಂತಿಯಲ್ಲಿ ನೇತಾಡುತ್ತಿದ್ದವು. ಹಾಗಾದರೆ ಅವು ತೊಟ್ಟಿಲೋ ವೆಲ್ಡೋ? ನೇತಾಡುವ ಗುಂಡಿಗೂ ತನ್ನದೇ ತಿರುಚಾಟದ ಅವಧಿ ಇರುತ್ತದೆ. ಆ ಅವಧಿ ತೊಲೆಯ ಅವಧಿಗಿಂತ ಬಹಳ ಚಿಕ್ಕದಾದರೆ ಗುಂಡು ತೊಲೆಯನ್ನು ನಿಷ್ಠೆಯಿಂದ ಹಿಂಬಾಲಿಸುತ್ತದೆ, ಆಗ ಪೂರ್ತಿ ಪಾಲು ಸೇರಿಸಬೇಕು. ಬಹಳ ದೊಡ್ಡದಾದರೆ ಗುಂಡು ತೊಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡೂ ಹತ್ತಿರ ಹತ್ತಿರ ಬಂದರೆ ಗುಂಡು ಬೇರೆಯೇ ತಾಳ ಹಿಡಿದು ಅಳತೆಯನ್ನೇ ಕೆಡಿಸುತ್ತದೆ. ಪ್ರಯೋಗ ಮಾಡುವವರು ಮೊದಲು ತಪ್ಪಿಸಬೇಕಾದ ಸ್ಥಿತಿ ಅದು.

ಸಂಖ್ಯೆಗಳನ್ನು ಇಟ್ಟು ನೋಡುವ ಮೊದಲು ಒಂದು ತರಗತಿಯ ಲೆಕ್ಕ. ಎರಡು ಕಿಲೋದ ಎರಡು ಗುಂಡುಗಳು, ತ್ರಿಜ್ಯ 10 ಸೆಂಟಿಮೀಟರ್. ಅವುಗಳ ಮೈಗಳ ನಡುವೆ 40 ಸೆಂಟಿಮೀಟರ್ ಉದ್ದದ ಹಗುರ ಕಡ್ಡಿ. ಅಕ್ಷದಿಂದ ಕೇಂದ್ರಕ್ಕೆ ದೂರ 20 ಅಲ್ಲ, 30 ಸೆಂಟಿಮೀಟರ್, ಏಕೆಂದರೆ ಕಡ್ಡಿ ಮುಗಿಯುವುದು ಗುಂಡಿನ ಮೈಯಲ್ಲಿ, ಕೇಂದ್ರದಲ್ಲಿ ಅಲ್ಲ. ಒಂದು ಗುಂಡಿಗೆ md² = 2 × 0.09 = 0.18, ಸ್ವಂತ ಸುತ್ತಿನ ಪಾಲು 0.4 × 2 × 0.01 = 0.008. ಒಟ್ಟು I = 2 × 0.188 = 0.376 ಕಿಲೋ–ಮೀಟರ್ ವರ್ಗ. ಸ್ವಂತ ಪಾಲನ್ನು ಮರೆತರೆ 0.36, ನಿಜಕ್ಕಿಂತ ನೂರಕ್ಕೆ ನಾಲ್ಕು ಚಿಲ್ಲರೆ ಕಡಿಮೆ. ಅದನ್ನು ನೆನಪಿಟ್ಟು ದೂರವನ್ನು 20 ಎಂದು ಹಿಡಿದರೆ ಸಿಗುವುದು 0.176, ಅರ್ಧವೂ ಇಲ್ಲ! ಮೇಷ್ಟ್ರುಗಳು ಮೊದಲ ತಪ್ಪಿನ ಮೇಲೆ ಕೆಂಪು ಶಾಯಿ ಸುರಿಯುವುದನ್ನು ನೋಡಿದ್ದೇನೆ. ದೊಡ್ಡ ಹಳ್ಳ ಎರಡನೆಯದು.

ಮತ್ತೆ ಕ್ಲಾಪಮ್‌ಗೆ. ಕ್ಯಾವೆಂಡಿಶ್‌ನ ಗುಂಡುಗಳ ಕೇಂದ್ರಗಳ ನಡುವಿನ ದೂರ 73.3 ಇಂಚು, ಅಂದರೆ d ಸುಮಾರು 93 ಸೆಂಟಿಮೀಟರ್. ತ್ರಿಜ್ಯ ಒಂದು ಇಂಚು. ದೂರ ತ್ರಿಜ್ಯದ ಸುಮಾರು 37 ಪಟ್ಟು. ಎರಡೂ ಗುಂಡುಗಳ md² ಸೇರಿ 1.27 ಕಿಲೋ–ಮೀಟರ್ ವರ್ಗ ಬಂದರೆ, ಸ್ವಂತ ಸುತ್ತಿನ ಎರಡು ಪಾಲು ಸೇರಿ 0.0004ನ್ನೂ ಮುಟ್ಟುವುದಿಲ್ಲ. ಹತ್ತು ಸಾವಿರಕ್ಕೆ ಮೂರು ಭಾಗ. ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು ಅವನು 1798ರಲ್ಲಿ ಪ್ರಕಟಿಸಿದ. ಅದರಲ್ಲೊಂದು ಕೂಡುವ ತಪ್ಪು ಇತ್ತು, ಸರಿಪಡಿಸಿದರೆ 5.448 ಬರುತ್ತದೆ ಎಂದು ಫ್ರಾನ್ಸಿಸ್ ಬೈಲಿ ಆಮೇಲೆ ಕಂಡುಕೊಂಡ. ಇಂದಿನ 5.51ಕ್ಕೆ ಹೋಲಿಸಿದರೆ ಅವನ ಅಳತೆ ತಪ್ಪಿದ್ದು ನೂರಕ್ಕೆ ಒಂದರಷ್ಟು. ಅಷ್ಟು ವ್ಯತ್ಯಾಸದ ಮುಂದೆ ಹತ್ತು ಸಾವಿರಕ್ಕೆ ಮೂರನ್ನು ಯಾರು ಕೇಳುತ್ತಾರೆ?

ಇಲ್ಲಿ ಹೆಚ್ಚು ಕಾಡುವುದು ‘ಹಗುರ ಕಡ್ಡಿ’ ಎಂಬ ಮಾತೇ. ಪಠ್ಯಪುಸ್ತಕದ ಕಡ್ಡಿಗೆ ತೂಕವಿಲ್ಲ, ಮರದ ತೊಲೆಗೆ ಇದೆ. ಒಂದೇ ಸಮನಾದ ಕಡ್ಡಿಯನ್ನು ನಡುವೆ ತೂಗುಬಿಟ್ಟರೆ, ಜಡತ್ವದ ಲೆಕ್ಕದಲ್ಲಿ ಅದರ ಆರನೇ ಒಂದು ಭಾಗ ತೂಕವನ್ನು ಪ್ರತಿ ತುದಿಯಲ್ಲಿ ಇಟ್ಟಂತೆ. 730 ಗ್ರಾಮಿನ ಗುಂಡುಗಳನ್ನು ಹೊತ್ತ ತೊಲೆ 150 ಗ್ರಾಮ್ ತೂಗುತ್ತದೆ ಎಂದುಕೊಂಡರೂ ತುದಿಗೆ 25 ಗ್ರಾಮ್ ಬೀಳುತ್ತದೆ, ನೂರಕ್ಕೆ ಮೂರಕ್ಕಿಂತ ಹೆಚ್ಚು. ಗುಂಡಿನ ಸ್ವಂತ ಸುತ್ತಿಗಿಂತ ನೂರು ಪಟ್ಟು ದೊಡ್ಡ ತಿದ್ದುಪಡಿ. ಕ್ಯಾವೆಂಡಿಶ್ ತೊಲೆಯ ಪಾಲನ್ನು ಬಿಡದೆ ಲೆಕ್ಕ ಹಾಕಿದ್ದ.

ಸುಮಾರು ನೂರು ವರ್ಷದ ನಂತರ ಚಾರ್ಲ್ಸ್ ವೆರ್ನನ್ ಬಾಯ್ಸ್ ಇದೇ ಕೆಲಸವನ್ನು ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಕೈಗೆತ್ತಿಕೊಂಡ. ಅವನ ಯೋಚನೆ ಮೇಲ್ನೋಟಕ್ಕೆ ಹುಚ್ಚು ಅನ್ನಿಸುವಂಥದ್ದು. ಬಲ ಸಣ್ಣದಾಗಿದ್ದರೆ ಉಪಕರಣವನ್ನು ದೊಡ್ಡದು ಮಾಡಬೇಕು ತಾನೇ? ಅವನು ಚಿಕ್ಕದು ಮಾಡಿದ. ಎಲ್ಲ ಉದ್ದಗಳನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ತೂಗಾಟದ ಅವಧಿಯನ್ನು ಮೊದಲಿನಷ್ಟೇ ಉಳಿಸಿಕೊಂಡರೆ ತೊಲೆ ಹೊರಳುವ ಕೋನ ಒಂದಿಷ್ಟೂ ಕಡಿಮೆಯಾಗುವುದಿಲ್ಲ ಎಂದು ಅವನು ಗುರುತಿಸಿದ್ದ. ದೊಡ್ಡ ಗುಂಡಿನ ತೂಕ ಉದ್ದದ ಘನಕ್ಕೆ ತಕ್ಕಂತೆ ಇಳಿದರೆ, ಅದರ ಎದುರು ನಿಂತ ದೂರಗಳ ಗುಣಲಬ್ಧವೂ ಘನಕ್ಕೆ ತಕ್ಕಂತೆಯೇ ಇಳಿಯುತ್ತದೆ. ಚಿಕ್ಕ ಉಪಕರಣದಲ್ಲಿ ಗಾಳಿಯ ಹರಿದಾಟ ಕಡಿಮೆ, ಉಷ್ಣತೆ ಎಲ್ಲೆಡೆ ಸಮವಾಗಿಡುವುದು ಸುಲಭ. ಅಡ್ಡಿ ಇದ್ದದ್ದು ಒಂದೇ. ಜಡತ್ವ ಪಾತಾಳಕ್ಕಿಳಿದಾಗ ಅವಧಿಯನ್ನು ಉಳಿಸಿಕೊಳ್ಳಲು ತಂತಿಯೂ ಅಷ್ಟೇ ನಾಜೂಕಾಗಬೇಕು. ಅಂಥ ಎಳೆಯನ್ನು ಬಾಯ್ಸ್ 1887ರಲ್ಲೇ ಕಂಡುಹಿಡಿದಿದ್ದ: ಕರಗಿಸಿದ ಸ್ಫಟಿಕ ಶಿಲೆಯನ್ನು ಬಾಣದ ಬಾಲಕ್ಕೆ ಅಂಟಿಸಿ, ಅಡ್ಡಬಿಲ್ಲಿನಿಂದ ಹೊಡೆದು, ಹಾರುವ ಬಾಣದ ಹಿಂದೆ ಎಳೆಯನ್ನು ಸೆಳೆಸುತ್ತಿದ್ದ. ಕೂದಲಿಗಿಂತ ತೆಳುವಾಗಿಯೂ ಗಟ್ಟಿಯಾಗಿರುವ ಆ ಎಳೆ, ತಿರುಚಿ ಬಿಟ್ಟರೆ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ.

ಆ ಎಳೆಯ ತುದಿಯಲ್ಲಿ ಒಂದಿಂಚಿಗೂ ಕಡಿಮೆ ಅಗಲದ ಒಂದು ಕನ್ನಡಿ, ಅದೇ ತೊಲೆ. ಕನ್ನಡಿಯ ಎರಡು ಅಂಚಿನಿಂದ ಎರಡು ಚಿನ್ನದ ಗುಂಡುಗಳು, ವ್ಯಾಸ ಸುಮಾರು ಕಾಲು ಇಂಚು. ಚಿನ್ನವೇ ಏಕೆಂದರೆ ಅದು ಸೀಸಕ್ಕಿಂತ ಬಹಳ ಸಾಂದ್ರ, ಇಷ್ಟು ಪುಟ್ಟ ಜಾಗದಲ್ಲಿ ತೂಕ ತುಂಬಲು ಬೇರೆ ದಾರಿ ಕಡಿಮೆ. ತೊಲೆ ಇಷ್ಟು ಕಿರಿದಾದ ಮೇಲೆ ದೊಡ್ಡ ಸೀಸದ ಗುಂಡು ಹತ್ತಿರದ ಚಿನ್ನದ ಜೊತೆಗೆ ದೂರದ ಚಿನ್ನವನ್ನೂ ಎಳೆದು ತನ್ನ ಕೆಲಸದ ಒಂದು ಪಾಲನ್ನು ತಾನೇ ಅಳಿಸಿಹಾಕುತ್ತದೆ. ಅದಕ್ಕೇ ಬಾಯ್ಸ್ ಎರಡು ಜೊತೆಗಳನ್ನು ಬೇರೆ ಬೇರೆ ಎತ್ತರದಲ್ಲಿಟ್ಟ, ಒಂದು ಚಿನ್ನದ ಗುಂಡು ಮೇಲೆ, ಇನ್ನೊಂದು ಕೆಳಗೆ.

ಆದರೆ ಅವನು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿರಲಿಲ್ಲ. ತೊಲೆ ಎಂಬತ್ತು ಪಟ್ಟು ಕುಗ್ಗಿತು, ಗುಂಡಿನ ವ್ಯಾಸ ಎಂಟು ಪಟ್ಟು ಮಾತ್ರ. ಕ್ಯಾವೆಂಡಿಶ್‌ನಲ್ಲಿ ದೂರವು ತ್ರಿಜ್ಯದ 37 ಪಟ್ಟಾಗಿದ್ದರೆ ಇಲ್ಲಿ ಮೂರೂವರೆ ಪಟ್ಟು ಚಿಲ್ಲರೆ. ಸ್ವಂತ ಸುತ್ತಿನ ಪಾಲು ಎಷ್ಟು ಎಂಬುದನ್ನು ನಿರ್ಧರಿಸುವುದು ⅖(r/d)² ಎಂಬ ಒಂದೇ ಭಾಗಲಬ್ಧ. ತೂಕ, ಲೋಹ ಯಾವುದಕ್ಕೂ ಅಲ್ಲಿ ಮಾತಿಲ್ಲ. ಅನುಪಾತ ಹತ್ತು ಪಟ್ಟು ಬದಲಾದರೆ ಪಾಲು ನೂರು ಪಟ್ಟು ಬದಲಾಗುತ್ತದೆ. ಹತ್ತು ಸಾವಿರಕ್ಕೆ ಮೂರು ಇದ್ದದ್ದು ನೂರಕ್ಕೆ ಮೂರಾಯಿತು.

ಅಂಕಿಗಳಲ್ಲೇ ನೋಡಿ. ಕಾಲು ಇಂಚು ವ್ಯಾಸದ ಚಿನ್ನದ ಗುಂಡು ಸುಮಾರು 2.6 ಗ್ರಾಮ್. ಅಕ್ಷದಿಂದ 11.4 ಮಿಲಿಮೀಟರ್ ದೂರ. md² ಸುಮಾರು 338 ಗ್ರಾಮ್–ಮಿಲಿಮೀಟರ್ ವರ್ಗ. ತ್ರಿಜ್ಯ 3.2 ಮಿಲಿಮೀಟರ್, ಆದ್ದರಿಂದ ಸ್ವಂತ ಪಾಲು ಸುಮಾರು 10.6. ಇದನ್ನು ಬಿಟ್ಟುಬಿಟ್ಟರೆ I ನಿಜಕ್ಕಿಂತ ಕಡಿಮೆ ಬರುತ್ತದೆ. ಎಳೆ ಇರುವುದಕ್ಕಿಂತ ಮೆದುವಾಗಿದೆ ಎಂದು ಲೆಕ್ಕ ಹೇಳುತ್ತದೆ, ಅದನ್ನು ತಿರುಚಿದ ಸೆಳೆತವೂ ಕಡಿಮೆ ಎಂದು ತೋರುತ್ತದೆ, ಭೂಮಿ ಇರುವುದಕ್ಕಿಂತ ಸಾಂದ್ರ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಬಾಯ್ಸ್ 1895ರಲ್ಲಿ ಪ್ರಕಟಿಸಿದ G, ಇಂದಿನ ಮಾನದಲ್ಲಿ 6.658 × 10⁻¹¹, ಸಾಂದ್ರತೆ 5.527. ಈಗ ಒಪ್ಪಿಕೊಂಡಿರುವ G 6.674 × 10⁻¹¹, ಅಂದರೆ ಅವನು ತಪ್ಪಿದ್ದು ನೂರಕ್ಕೆ ಕಾಲು ಭಾಗದಷ್ಟೇ. ಗುಂಡಿನ ಸ್ವಂತ ಸುತ್ತನ್ನು ಮರೆತಿದ್ದರೆ ಅದೇ ಅಳತೆಗಳಿಂದ 6.46ರ ಆಸುಪಾಸಿನ G, 5.7ರ ಹತ್ತಿರದ ಸಾಂದ್ರತೆ ಬರುತ್ತಿತ್ತು. ಕ್ಯಾವೆಂಡಿಶ್‌ಗಿಂತಲೂ ಹಿಂದೆ!

ಇಂಥ ತಪ್ಪು ನಡೆದಿದೆ ಎಂದು ಹೇಗೆ ಪತ್ತೆ ಹಚ್ಚುವುದು? ಒಂದೇ ಜೋಡಣೆಯನ್ನು ನೂರು ಸಲ ಅಳೆದರೂ ಪ್ರಯೋಜನವಿಲ್ಲ, ನೂರು ಸಲವೂ ಅದೇ ತಪ್ಪು ಉತ್ತರ ಅಚ್ಚುಕಟ್ಟಾಗಿ ಬರುತ್ತದೆ. ಏನನ್ನಾದರೂ ಬದಲಿಸಬೇಕು. ಪ್ರಯೋಗಾಲಯದಲ್ಲಿ ಸುಲಭದ ದಾರಿ ಎಂದರೆ ಗುಂಡುಗಳನ್ನು ಕಡ್ಡಿಯ ಮೇಲೆ ಒಳಗೆ ಹೊರಗೆ ಸರಿಸುತ್ತಾ ಪ್ರತಿ ದೂರಕ್ಕೂ ಅವಧಿ ನೋಡಿ, ಅವಧಿಯ ವರ್ಗವನ್ನು ದೂರದ ವರ್ಗದ ಎದುರು ಗ್ರಾಫ್ ಕಾಗದದಲ್ಲಿ ಗುರುತಿಸುವುದು. ಸರಳ ರೇಖೆ ಬರುತ್ತದೆ, ಆದರೆ ಅದು ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. d ಸೊನ್ನೆಯಾದಾಗಲೂ ಉಳಿಯುವ ಆ ಎತ್ತರದಲ್ಲಿ ಗುಂಡುಗಳ ಸ್ವಂತ ಪಾಲು ಮತ್ತು ಕಡ್ಡಿಯ ಪಾಲು ಎರಡೂ ಸೇರಿರುತ್ತವೆ. ಗುಂಡು ತೆಗೆದು ಬರೀ ಕಡ್ಡಿಯ ಅವಧಿ ನೋಡಿದರೆ ಎರಡನ್ನೂ ಬೇರ್ಪಡಿಸಬಹುದು. ಒಂದು ಎಚ್ಚರಿಕೆ ಬೇಕು: ತಂತಿಯ ಮೇಲಿನ ಭಾರ ಇಳಿದಾಗ ಅದರ ಬಿಗಿತವೂ ತುಸು ಬದಲಾಗುತ್ತದೆ. ಹಾಗಾಗಿ ತೆಗೆದ ಗುಂಡುಗಳಷ್ಟೇ ತೂಕದ ಸಣ್ಣ ಬಿಲ್ಲೆಯೊಂದನ್ನು ಸರಿಯಾಗಿ ಅಕ್ಷದಲ್ಲೇ ನೇತುಹಾಕುವುದು ಒಳ್ಳೆಯದು.

ಗುಂಡಿನೊಳಗೇ ಮೋಸವಿದ್ದರೆ ಕೆಲಸ ಇನ್ನೂ ಕಠಿಣ. ಎರಕ ಹೊಯ್ದ ಲೋಹದೊಳಗೆ ಗುಳ್ಳೆ ಉಳಿದಿರಬಹುದು. ಗುಳ್ಳೆ ನಟ್ಟ ನಡುವೆ ಇದ್ದರೆ ಎರಡು–ಐದು ಎಂಬ ಅಂಶ ಸ್ವಲ್ಪ ಏರುತ್ತದೆ. ಒಳಗೆ ಪೂರ್ತಿ ಟೊಳ್ಳಾದ ತೆಳು ಚಿಪ್ಪಿಗೆ ಅದು ಎರಡು–ಮೂರರವರೆಗೂ ಹೋಗುತ್ತದೆ. ಒಟ್ಟಿನಲ್ಲಿ ನೂರಕ್ಕೆ ಮೂರು ಇರುವ ಪಾಲಿನಲ್ಲಿ ಈ ಏರುಪೇರು ದೊಡ್ಡದೇನಲ್ಲ. ಗುಳ್ಳೆ ಪಕ್ಕಕ್ಕಿದ್ದರೆ ಮಾತ್ರ ತೂಕದ ಕೇಂದ್ರವೇ ಸರಿಯುತ್ತದೆ, ನಾವು ವಜಾ ಮಾಡಿದ 2dx ಮತ್ತೆ ಬಾಗಿಲು ತಟ್ಟುತ್ತದೆ. ಬಾಯ್ಸ್‌ನ ಅಳತೆಯಲ್ಲಿ ಎರಡೂ ಗುಂಡುಗಳ ಕೇಂದ್ರ ಮಿಲಿಮೀಟರಿನ ನೂರನೇ ಒಂದು ಭಾಗ ಹೊರಗೆ ಸರಿದರೂ ಜಡತ್ವ ಸಾವಿರಕ್ಕೆ ಸುಮಾರು ಎರಡು ಪಾಲು ಏರುತ್ತದೆ. ಗುಂಡನ್ನು ಎಳೆಯಲ್ಲಿ ನೇತುಹಾಕುವುದರ ಜಾಣ್ಮೆ ಇಲ್ಲೇ ಕಾಣುತ್ತದೆ. ನೇತಾಡುವ ವಸ್ತುವಿನ ತೂಕದ ಕೇಂದ್ರ ಎಳೆಯ ನೇರಕ್ಕೇ ಬಂದು ನಿಲ್ಲುತ್ತದೆ, ಒಳಗೆ ಗುಳ್ಳೆ ಎಲ್ಲಿದ್ದರೂ ಸರಿ. ಆಗ ಅಳೆಯಬೇಕಾದದ್ದು ಎರಡು ಎಳೆಗಳ ನಡುವಿನ ಅಂತರ ಮಾತ್ರ, ಅದನ್ನು ಸೂಕ್ಷ್ಮದರ್ಶಕದಿಂದ ನೇರವಾಗಿ ನೋಡಬಹುದು.

ಇಷ್ಟೆಲ್ಲ ಪಾಡು ಪಟ್ಟ ಮೇಲೂ, ಎರಡು ಗುಂಡುಗಳ ಜೋಡಣೆಯಲ್ಲಿ ದೂರ ಮತ್ತು ತ್ರಿಜ್ಯ ಎರಡನ್ನೂ ಅಳೆದೇ ತೀರಬೇಕು ಎಂಬ ಕಟ್ಟುಪಾಡು ಹಾಗೇ ಉಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆನ್ಸ್ ಗುಂಡ್ಲಾಕ್ ಮತ್ತು ಸ್ಟೀಫನ್ ಮರ್ಕೋವಿಟ್ಜ್ 2000ದಲ್ಲಿ G ಅಳೆದಾಗ ತೂಗುಬಿಡುವ ಗುಂಡುಗಳನ್ನೇ ಕೈಬಿಟ್ಟರು. ಅವರು ತೂಗುಬಿಟ್ಟದ್ದು ಒಂದೂವರೆ ಮಿಲಿಮೀಟರ್ ದಪ್ಪದ ಒಂದು ಗಾಜಿನ ಹಲಗೆಯನ್ನು. ತೀರಾ ತೆಳುವಾದ ಹಲಗೆಯನ್ನು ಲಂಬವಾಗಿ ನೇತುಹಾಕಿದರೆ, ಗುರುತ್ವ ಅದನ್ನು ತಿರುಗಿಸುವ ಬಲವೂ ಅದರ ಜಡತ್ವವೂ ಹಲಗೆಯ ಸರಕು ಅಗಲದುದ್ದಕ್ಕೂ ಹೇಗೆ ಹರಡಿದೆ ಎಂಬ ಒಂದೇ ಮೊತ್ತಕ್ಕೆ ತಕ್ಕಂತೆ ಏರಿಳಿಯುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಆ ಮೊತ್ತವೇ ಬಹುಪಾಲು ಹೊರಟುಹೋಗುತ್ತದೆ. ಎಳೆ ತಿರುಚಿಕೊಳ್ಳದ ಹಾಗೆ ಇಡೀ ಉಪಕರಣವನ್ನೇ ತಿರುಗುಮಣೆಯ ಮೇಲೆ ಕೂರಿಸಿ, ಹಲಗೆ ಹೊರಳಹೊರಟಷ್ಟೇ ವೇಗವಾಗಿ ಮಣೆಯನ್ನೂ ಅದರ ಹಿಂದೆ ತಿರುಗಿಸಿದರು. ಎಳೆಯ ಬಿಗಿತವನ್ನು ಲೆಕ್ಕ ಹಾಕುವ ಅಗತ್ಯವೂ ತಪ್ಪಿತು. ಅವರಿಗೆ ಸಿಕ್ಕ G 6.6742 × 10⁻¹¹, ಅನಿಶ್ಚಿತತೆ ಹತ್ತು ಲಕ್ಷಕ್ಕೆ ಹದಿನಾಲ್ಕು ಭಾಗ. ಹಲಗೆಗೆ ಸೊನ್ನೆ ದಪ್ಪವಿಲ್ಲವಲ್ಲ, ಆ ಒಂದೂವರೆ ಮಿಲಿಮೀಟರಿಗೊಂದು ಸಣ್ಣ ತಿದ್ದುಪಡಿಯನ್ನು ಅವರೂ ಮಾಡಬೇಕಾಯಿತು.